ಡಿಎನ್‌ಎಸ್‌ಸೆಕ್ ವ್ಯವಸ್ಥೆ ಮತ್ತು ಡಿಎಸ್ ದಾಖಲೆ: ಒಂದು ಐತಿಹಾಸಿಕ ವಿವೇಚನೆ

ಅಂತರಜಾಲದಲ್ಲಿ ಹೆಸರುಗಳನ್ನು ಅಂಕೆಗಳ ವಿಳಾಸಗಳಾಗಿ ಮಾರ್ಪಡಿಸಿಕೊಡುವ ಡಿಎನ್‌ಎಸ್ ಎಂಬ ವ್ಯವಸ್ಥೆಯನ್ನು ಪಾಲ್ ಮೊಕಪೆಟ್ರಿಸ್ ಅವರು 1983ರಲ್ಲಿ ರೂಪಿಸಿದರು. ಅದರ ರಚನೆ ಬಹುಮಟ್ಟಿಗೆ ವಂಶವೃಕ್ಷದಂತಿದೆ. ಎಲ್ಲಕ್ಕೂ ಮೇಲೆ ಮೂಲವಲಯ. ಅದರ ಕೆಳಗೆ `com`, `org`, `in` ಮೊದಲಾದ ವಲಯಗಳು. ಅವುಗಳ ಕೆಳಗೆ ಸಂಸ್ಥೆಗಳ ಮತ್ತು ವ್ಯಕ್ತಿಗಳ ಡೊಮೈನುಗಳು. ಪ್ರತಿಯೊಂದು ವಲಯವೂ ತನ್ನ ಕೆಳಗಿನ ವಲಯದ ಸರ್ವರುಗಳು ಎಲ್ಲಿವೆ ಎಂಬುದನ್ನು ತೋರಿಸಿ ಸುಮ್ಮನಾಗುತ್ತದೆ. ನಮ್ಮ ಪರವಾಗಿ ಈ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು ಉತ್ತರವನ್ನು ತಂದುಕೊಡುವ ಯಂತ್ರಕ್ಕೆ ರಿಸಾಲ್ವರ್ ಎಂದು ಹೆಸರು. ಒಮ್ಮೆ ದೊರೆತ ಉತ್ತರವನ್ನು ಅದು ನಿಗದಿಯಾದ ಕಾಲದವರೆಗೆ ತನ್ನ ನೆನಪಿನಲ್ಲಿ, ಅಂದರೆ ಕ್ಯಾಷ್‌ನಲ್ಲಿ, ಇಟ್ಟುಕೊಂಡಿರುತ್ತದೆ.

ಈ ರಚನೆಯಲ್ಲಿ ಉತ್ತರವನ್ನು ಕೊಟ್ಟವರು ಯಾರೆಂಬುದನ್ನು ಪರೀಕ್ಷಿಸುವ ಉಪಾಯವಿರಲಿಲ್ಲ. ಸ್ಟೀವನ್ ಬೆಲ್ಲೊವಿನ್ ಅವರು 1990ರಲ್ಲಿಯೇ ಈ ದೌರ್ಬಲ್ಯವನ್ನು ಗುರುತಿಸಿದ್ದರೂ ಅವರ ಬರಹ ಪ್ರಕಟವಾದುದು 1995ರಲ್ಲಿ. 2008ರಲ್ಲಿ ಡ್ಯಾನ್ ಕಾಮಿನ್ಸ್ಕಿ ಅವರು ಇದೇ ದೌರ್ಬಲ್ಯದ ಪ್ರಾಯೋಗಿಕ ಪರಿಣಾಮವನ್ನು ತೋರಿಸಿದರು. ಪ್ರಶ್ನೆಯೊಂದಕ್ಕೆ ಹಚ್ಚುವ ಗುರುತಿನ ಸಂಖ್ಯೆ ಕೇವಲ 16 ಬಿಟ್ಟುಗಳದು. ಆದ್ದರಿಂದ ಸಾಧ್ಯವಿರುವ ಸಂಖ್ಯೆಗಳು 65,536 ಮಾತ್ರ. ಆ ಸಂಖ್ಯೆಯನ್ನು ಊಹಿಸಿ, ನಿಜವಾದ ಉತ್ತರಕ್ಕಿಂತ ಮೊದಲೇ ಸುಳ್ಳು ಉತ್ತರವನ್ನು ಕಳುಹಿಸಿದವನು ರಿಸಾಲ್ವರಿನ ಕ್ಯಾಷ್‌ನಲ್ಲಿ ತನ್ನ ವಿಳಾಸವನ್ನು ಸೇರಿಸಿಬಿಡಬಹುದಾಗಿತ್ತು. ಆಗ ಆ ರಿಸಾಲ್ವರನ್ನು ನೆಚ್ಚಿದವರೆಲ್ಲರೂ ಸರಿಯಾದ ಹೆಸರನ್ನೇ ಕೇಳಿ ತಪ್ಪು ಮನೆಯ ಬಾಗಿಲಿಗೆ ಹೋಗುವರು.

ಡಿಎನ್‌ಎಸ್‌ಸೆಕ್ ಈ ಕೊರತೆಗೆ ಪರಿಹಾರವಾಗಿ ಹುಟ್ಟಿತು. ಅದು ಏನನ್ನು ಕಾಯುತ್ತದೆ, ಏನನ್ನು ಕಾಯುವುದಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ವಲಯದ ಒಡೆಯನು ತನ್ನ ಗುಪ್ತ ಕೀಲಿಯಿಂದ ಪ್ರತಿಯೊಂದು ದಾಖಲೆಯ ಗುಂಪಿಗೂ ಸಹಿ ಮಾಡುತ್ತಾನೆ. ಅದಕ್ಕೆ ಹೊಂದುವ ಬಹಿರಂಗ ಕೀಲಿಯನ್ನು ಅದೇ ವಲಯದಲ್ಲಿ ಪ್ರಕಟಿಸುತ್ತಾನೆ. ಇದರಿಂದ ಮೂರು ಸಂಗತಿಗಳು ಸ್ಥಿರಪಡುತ್ತವೆ: ಉತ್ತರ ಆ ವಲಯದಿಂದಲೇ ಬಂದುದು, ದಾರಿಯಲ್ಲಿ ಅದು ತಿದ್ದುಪಡಿಯಾಗಿಲ್ಲ, “ಅಂತಹ ಹೆಸರು ಇಲ್ಲ” ಎಂಬ ಉತ್ತರವೂ ಒಡೆಯನದೇ. ತಾಮ್ರಶಾಸನಕ್ಕೆ ಕೂಡಿಸಿದ ರಾಜಮುದ್ರೆ ಶಾಸನವನ್ನು ಮರೆಮಾಡುವುದಿಲ್ಲ, ಅದರ ಕರ್ತೃತ್ವಕ್ಕೆ ಸಾಕ್ಷಿ ಹೇಳುತ್ತದೆ; ಇಲ್ಲಿನ ಸಹಿಯೂ ಹಾಗೆಯೇ. ಯಾರು ಯಾವ ಹೆಸರನ್ನು ಕೇಳಿದರೆಂಬುದನ್ನು ಡಿಎನ್‌ಎಸ್‌ಸೆಕ್ ಮರೆಮಾಡದು. ವಿಳಾಸ ಸಿಕ್ಕಿದ ಮೇಲೆ ನಡೆಯುವ ಸಂಭಾಷಣೆಯನ್ನೂ ಅದು ರಕ್ಷಿಸದು. ಒಡೆಯನೇ ತಪ್ಪು ವಿಳಾಸವನ್ನು ಬರೆದು ಸಹಿ ಮಾಡಿದರೆ ಆ ತಪ್ಪಿಗೂ ಪೂರ್ಣ ಮಾನ್ಯತೆ ದೊರೆಯುತ್ತದೆ.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ವಲಯದಲ್ಲಿ ಪ್ರಕಟವಾದ ಬಹಿರಂಗ ಕೀಲಿಯೇ ನಿಜವಾದುದೆಂಬುದಕ್ಕೆ ಪ್ರಮಾಣವೇನು? ಮೋಸಗಾರನೂ ತನ್ನದೊಂದು ಕೀಲಿಯನ್ನು ಮಾಡಿಕೊಂಡು ಸಹಿ ಹಾಕಬಲ್ಲನಲ್ಲವೆ? 1997ರ ಮತ್ತು 1999ರ ಮೊದಲ ರೂಪಗಳಲ್ಲಿ ಇದಕ್ಕೆ ಕೊಟ್ಟ ಉತ್ತರವೆಂದರೆ, ಕೆಳಗಿನ ವಲಯದ ಕೀಲಿಗೆ ಮೇಲಿನ ವಲಯವು ಸಹಿ ಮಾಡಿಕೊಡಬೇಕು ಎಂಬುದು. ತತ್ತ್ವದಲ್ಲಿ ಇದು ನಿರ್ದುಷ್ಟವಾದರೂ ಆಚರಣೆಯಲ್ಲಿ ನಡೆಯುವಂತಹುದಾಗಿರಲಿಲ್ಲ. `com` ವಲಯವು ತನ್ನ ಕೀಲಿಯನ್ನು ಬದಲಿಸಿದರೆ ಅದರ ಕೆಳಗಿರುವ ಲಕ್ಷಾಂತರ ಡೊಮೈನುಗಳ ಕೀಲಿಗಳಿಗೆಲ್ಲ ಹೊಸ ಸಹಿ ಮಾಡಿ, ಪ್ರತಿಯೊಬ್ಬರಿಗೂ ತಲಪಿಸಬೇಕಾಗುತ್ತಿತ್ತು.

ಈ ತೊಡಕನ್ನು ಬಿಡಿಸಿದುದು 2003ರ ಡಿಸೆಂಬರಿನಲ್ಲಿ ಓಲಾಫುರ್ ಗುಡ್ಮಂಡ್ಸನ್ ಅವರ ಹೆಸರಿನಲ್ಲಿ ಪ್ರಕಟವಾದ ಡಿಎಸ್ ದಾಖಲೆಯ ನಿಯಮ. 2005ರ ಮಾರ್ಚಿಯಲ್ಲಿ ಪ್ರಕಟವಾದ ಡಿಎನ್‌ಎಸ್‌ಸೆಕ್‌ನ ಇಂದಿನ ರೂಪ ಇದನ್ನೇ ಆಧಾರವಾಗಿ ಇಟ್ಟುಕೊಂಡಿದೆ. ಮೂಲವಲಯಕ್ಕೆ ಸಹಿ ಬಿದ್ದುದು 2010ರ ಜುಲೈ 15ರಂದು. ಹೊಸ ನಿಯಮದ ಪ್ರಕಾರ ಕೆಳಗಿನವನು ತನ್ನ ಕೀಲಿಯ ಹ್ಯಾಷ್ ಎಂಬ ಸಂಕ್ಷಿಪ್ತ ಗುರುತನ್ನು ಮಾತ್ರ ಮೇಲಿನವನಿಗೆ ಒಪ್ಪಿಸುತ್ತಾನೆ. ಮೇಲಿನವನು ಅದನ್ನು ತನ್ನ ವಲಯದಲ್ಲಿಯೇ ಬರೆದುಕೊಂಡು ತನ್ನ ಸಹಿಯನ್ನು ಹಾಕುತ್ತಾನೆ. ಮೇಲಿನ ಕೀಲಿ ಬದಲಾದರೆ ಕೆಳಗಿನವನಿಗೆ ಯಾವ ಕೆಲಸವೂ ಇಲ್ಲ. ನಿಯಮಗ್ರಂಥಗಳಲ್ಲಿಯೇ ಉದಾಹರಣೆಯಾಗಿ ಕೊಟ್ಟಿರುವ ಡಿಎಸ್ ದಾಖಲೆಯೊಂದು ಹೀಗಿದೆ:

```
dskey.example.com. 86400 IN DS 60485 5 2 (
  D4B7D520E7BB5F0F67674A0CCEB1E3E0
  614B93C4F9E99B8383F6A1E4469DA50A )
```

ಇಲ್ಲಿ 86400 ಎಂಬುದು ಸೆಕೆಂಡುಗಳ ಲೆಕ್ಕದಲ್ಲಿ ಕ್ಯಾಷ್‌ನಲ್ಲಿರಬಹುದಾದ ಅವಧಿ, ಅಂದರೆ ಒಂದು ದಿನ. 60485 ಕೀಲಿಯ ಗುರುತಿನ ಸಂಖ್ಯೆ. 5 ಸಹಿಯ ವಿಧಾನ. 2 ಹ್ಯಾಷ್ ತೆಗೆದ ವಿಧಾನ. ಉಳಿದ ಉದ್ದನೆಯ ಸಾಲು ಆ ಹ್ಯಾಷ್. ಡೊಮೈನಿನ ಒಡೆಯನು ಇದನ್ನು ತನ್ನ ರಿಜಿಸ್ಟ್ರಾರಿಗೆ ಕೊಡುತ್ತಾನೆ. ರಿಜಿಸ್ಟ್ರಾರನು ರಿಜಿಸ್ಟ್ರಿಗೆ ರವಾನಿಸುತ್ತಾನೆ. ರಿಜಿಸ್ಟ್ರಿಯು ಮೇಲಿನ ವಲಯದಲ್ಲಿ ಪ್ರಕಟಿಸುತ್ತದೆ. ಕೀಲಿ ಒಂದು ಕಡೆ, ಅದರ ಸಾಕ್ಷಿ ಮತ್ತೊಂದು ಕಡೆ. ಎರಡನ್ನೂ ನೋಡಿಕೊಳ್ಳುವವರು ಬೇರೆ ಬೇರೆ. ಇದೇ ಈ ಏರ್ಪಾಡಿನ ಬಲ, ಇದೇ ಅದರ ಅಪಾಯ.

ಸಹಿಗಳನ್ನು ಪರೀಕ್ಷಿಸುವ ರಿಸಾಲ್ವರಿನ ತರ್ಕವನ್ನು ಈಗ ಅನುಸರಿಸೋಣ. ಮೇಲಿನ ವಲಯದಲ್ಲಿ ಡಿಎಸ್ ಇಲ್ಲವೆಂದು ರುಜುವಾತಾದರೆ, ಆ ಡೊಮೈನು ಸಹಿಯ ವ್ಯವಸ್ಥೆಗೆ ಸೇರಿಲ್ಲವೆಂದು ತಿಳಿದು ಅದು ಉತ್ತರವನ್ನು ಹಳೆಯ ರೀತಿಯಲ್ಲಿ ಸ್ವೀಕರಿಸುತ್ತದೆ. ಡಿಎಸ್ ಇದ್ದು, ಡೊಮೈನಿನ ಕೀಲಿಗಳಲ್ಲಿ ಒಂದಾದರೂ ಅದಕ್ಕೆ ಹೊಂದಿ, ಆ ಕೀಲಿಯ ಸಹಿ ಸರಿಯಾಗಿದ್ದರೆ ನಂಬುಗೆಯ ಸರಪಳಿ ಮುಂದುವರಿಯುತ್ತದೆ. ಡಿಎಸ್ ಇದ್ದು ಯಾವ ಕೀಲಿಯೂ ಅದಕ್ಕೆ ಹೊಂದದಿದ್ದರೆ ರಿಸಾಲ್ವರು ಉತ್ತರವನ್ನು ತಿರಸ್ಕರಿಸಿ `SERVFAIL` ಎಂದು ಹೇಳುತ್ತದೆ. ಕೇಳಿದವನಿಗೆ ವಿಳಾಸವೇ ದೊರೆಯದು. ಜಾಲತಾಣ, ಅಂಚೆ ಎಲ್ಲವೂ ಒಂದೇ ಸಾರಿಗೆ ನಿಲ್ಲುತ್ತವೆ. ಸರ್ವರುಗಳು ಮಾತ್ರ ಆರೋಗ್ಯವಾಗಿಯೇ ಇರುತ್ತವೆ.

ಹೊಂದದ ಡಿಎಸ್ ದಾಖಲೆಯನ್ನು ಬದಿಗಿಟ್ಟು ಉತ್ತರವನ್ನು ಒಪ್ಪಿಕೊಳ್ಳಬಾರದೆ ಎಂದು ಯಾರಾದರೂ ಕೇಳಬಹುದು. ಹಾಗೆ ಒಪ್ಪಿದರೆ ಇಡೀ ವ್ಯವಸ್ಥೆ ನಿರರ್ಥಕವಾಗುತ್ತದೆ. ಮೋಸಗಾರನ ಸುಳ್ಳು ಉತ್ತರವೂ ನಿಖರವಾಗಿ ಇದೇ ಲಕ್ಷಣವನ್ನು ತೋರುತ್ತದೆ: ಡಿಎಸ್ ಇದೆ, ಆದರೆ ಸಹಿ ಇಲ್ಲ ಅಥವಾ ಕೀಲಿ ಬೇರೆ. ಒಡೆಯನ ಅಜಾಗರೂಕತೆಯನ್ನೂ ಕಳ್ಳನ ಕೈವಾಡವನ್ನೂ ದೂರದಲ್ಲಿರುವ ರಿಸಾಲ್ವರು ಬೇರ್ಪಡಿಸಲಾರದು. ಆದುದರಿಂದ ನಿರಾಕರಣೆಯೇ ಅದರ ಧರ್ಮ.

ಇದರ ಮೊದಲ ಪ್ರಸಿದ್ಧ ನಿದರ್ಶನ 2012ರ ಜನವರಿ 18ರಂದು ಅಮೆರಿಕದಲ್ಲಿ ಕಂಡಿತು. `nasa.gov` ವಲಯದ ಕೀಲಿಯ ಬದಲಾವಣೆ ಕ್ರಮತಪ್ಪಿ, `gov` ವಲಯದಲ್ಲಿದ್ದ ಡಿಎಸ್ ಹೊಸ ಕೀಲಿಗೆ ಹೊಂದದೆ ಹೋಯಿತು. ಕಾಮ್‌ಕಾಸ್ಟ್ ಸಂಸ್ಥೆಯು ಆ ತಿಂಗಳಲ್ಲಿಯೇ ತನ್ನ ಗ್ರಾಹಕರಿಗೆಲ್ಲ ಸಹಿ ಪರೀಕ್ಷಿಸುವ ರಿಸಾಲ್ವರುಗಳನ್ನು ಒದಗಿಸಿತ್ತು. ಆ ಗ್ರಾಹಕರಿಗೆ ನಾಸಾದ ತಾಣ ಸಿಗಲಿಲ್ಲ; ಪರೀಕ್ಷಿಸದ ಜಾಲಗಳಲ್ಲಿದ್ದವರಿಗೆ ಎಂದಿನಂತೆ ಸಿಕ್ಕಿತು. ಅದೇ ದಿನ ಅಂತರಜಾಲ ನಿರ್ಬಂಧದ ಮಸೂದೆಯ ವಿರುದ್ಧ ದೊಡ್ಡ ಪ್ರತಿಭಟನೆ ನಡೆಯುತ್ತಿದ್ದುದರಿಂದ, ಕಾಮ್‌ಕಾಸ್ಟ್ ಉದ್ದೇಶಪೂರ್ವಕವಾಗಿ ತಾಣವನ್ನು ತಡೆದಿದೆಯೆಂದು ಕೆಲವರು ಭಾವಿಸಿದರು. ತಪ್ಪು ನಡೆದ ಕಡೆ ಎಲ್ಲವೂ ಸರಿಯಾಗಿ ಕಾಣುತ್ತದೆ, ಕರ್ತವ್ಯ ಮಾಡಿದವನ ಮೇಲೆ ಅಪವಾದ ಬರುತ್ತದೆ ಎಂಬುದು ಈ ಪ್ರಕರಣದ ವಿಶೇಷ.

ಎರಡನೆಯ ನಿದರ್ಶನದಲ್ಲಿ ಕಾಲದ ಪಾತ್ರ ಮುಖ್ಯವಾಗಿದೆ. ಸ್ಲ್ಯಾಕ್ ಸಂಸ್ಥೆಯು 2021ರ ಸೆಪ್ಟೆಂಬರ್ 30ರಂದು `slack.com` ಡೊಮೈನಿಗೆ ಡಿಎನ್‌ಎಸ್‌ಸೆಕ್ ಅನ್ನು ಅಳವಡಿಸಿ, ಡಿಎಸ್ ದಾಖಲೆಯನ್ನು ಮೇಲಿನ ವಲಯದಲ್ಲಿ ಪ್ರಕಟಿಸಿತು. ಸ್ವಲ್ಪ ಹೊತ್ತಿನಲ್ಲಿ ಕೆಲವು ಬಳಕೆದಾರರಿಂದ ದೂರುಗಳು ಬಂದವು. ಅವುಗಳ ಮೂಲ ಬೇರೆಯೇ ಆಗಿತ್ತು: “ಇಂತಹ ದಾಖಲೆ ಇಲ್ಲ” ಎಂದು ಹೇಳುವ ಉತ್ತರಗಳನ್ನು ರಚಿಸುವಲ್ಲಿ ಅವರು ಬಳಸುತ್ತಿದ್ದ ಡಿಎನ್‌ಎಸ್ ಸೇವೆಯಲ್ಲಿದ್ದ ಒಂದು ದೋಷ. ಕಾರಣ ಆಗ ತಿಳಿಯದೆ ಇದ್ದುದರಿಂದ ಸಂಸ್ಥೆಯವರು ಹಿಂದಿನ ಸ್ಥಿತಿಗೆ ಮರಳಲು ನಿಶ್ಚಯಿಸಿ ಡಿಎಸ್ ದಾಖಲೆಯನ್ನು ತೆಗೆಸಿದರು. ಬಳಿಕ ವಲಯಕ್ಕೆ ಸಹಿ ಮಾಡುವುದನ್ನೂ ನಿಲ್ಲಿಸಿದರು. `com` ವಲಯದಲ್ಲಿ ನೋಡಿದರೆ ಡಿಎಸ್ ಇರಲಿಲ್ಲ. ಆದರೆ ಅದಕ್ಕೆ ಮೊದಲು ಅದನ್ನು ಓದಿಕೊಂಡಿದ್ದ ರಿಸಾಲ್ವರುಗಳ ಕ್ಯಾಷ್‌ನಲ್ಲಿ ಅದು 24 ಗಂಟೆಗಳವರೆಗೆ ಉಳಿಯಬಹುದಾಗಿತ್ತು. ಅವು ಹಳೆಯ ಸಾಕ್ಷ್ಯವನ್ನು ಹಿಡಿದುಕೊಂಡು ಸಹಿಯನ್ನು ಕೇಳಿದವು, ಸಹಿ ಇರಲಿಲ್ಲ, ಉತ್ತರವನ್ನು ತಿರಸ್ಕರಿಸಿದವು. ದೊಡ್ಡ ಸಾರ್ವಜನಿಕ ರಿಸಾಲ್ವರುಗಳನ್ನು ನಡೆಸುವವರು ಕೋರಿಕೆಯ ಮೇರೆಗೆ ತಮ್ಮ ಕ್ಯಾಷ್ ಅಳಿಸಿಕೊಟ್ಟರು; ಉಳಿದೆಡೆ ಕಾಯುವುದರ ಹೊರತು ಗತ್ಯಂತರವಿರಲಿಲ್ಲ. ತೊಂದರೆಗೆ ಒಳಗಾದವರು ಬಳಕೆದಾರರಲ್ಲಿ ಶೇಕಡ 1ಕ್ಕಿಂತ ಕಡಮೆ ಎಂದು ಸಂಸ್ಥೆ ತಿಳಿಸಿದೆ.

ಈ ಪ್ರಕರಣದಿಂದ ಕ್ರಮದ ಮಹತ್ವ ವ್ಯಕ್ತವಾಗುತ್ತದೆ. ಸಹಿಯನ್ನು ಬಿಡುವವನು ಮೊದಲು ಡಿಎಸ್ ದಾಖಲೆಯನ್ನು ತೆಗೆಸಿ, ಅದು ಮೇಲಿನ ವಲಯದಿಂದ ಮರೆಯಾದ ಕ್ಷಣದಿಂದ ಅದರ ಅವಧಿಯಷ್ಟು ಕಾಲ ಕಾದು, ಆ ಮೇಲೆ ಸಹಿಯನ್ನು ನಿಲ್ಲಿಸಬೇಕು. ಕೀಲಿಯನ್ನು ಬದಲಿಸುವವನು ಹೊಸ ಕೀಲಿಯನ್ನು ಪ್ರಕಟಿಸಿ, ಹೊಸ ಡಿಎಸ್ ಎಲ್ಲೆಡೆ ತಲಪಿದ ತರುವಾಯ ಹಳೆಯದನ್ನು ಬಿಡಬೇಕು. ಡಿಎನ್‌ಎಸ್ ಸೇವೆಯನ್ನು ಒಬ್ಬರಿಂದ ಮತ್ತೊಬ್ಬರಿಗೆ ವರ್ಗಾಯಿಸುವಾಗ ಹಳೆಯವರ ಡಿಎಸ್ ರಿಜಿಸ್ಟ್ರಾರಿನ ಬಳಿ ಉಳಿದುಹೋಗುವುದು ಸಾಮಾನ್ಯವಾದ ಪ್ರಮಾದ.

ದೋಷ ಡಿಎನ್‌ಎಸ್‌ಸೆಕ್‌ನದೋ ಅಲ್ಲವೋ ಎಂಬುದನ್ನು ನಾಲ್ಕು ಪ್ರಶ್ನೆಗಳಿಂದ ಕಂಡುಕೊಳ್ಳಬಹುದು:

```
dig example.com A
dig example.com A +cd
dig example.com DS
dig example.com DNSKEY +cd
```

ಮೊದಲನೆಯದಕ್ಕೆ `SERVFAIL` ಬಂದು, ಪರೀಕ್ಷೆ ಬೇಡವೆಂದು ಹೇಳುವ `+cd` ಸೇರಿಸಿದ ಎರಡನೆಯದಕ್ಕೆ ವಿಳಾಸ ದೊರೆತರೆ, ಸರ್ವರು ಸರಿಯಾಗಿದೆ, ಸಹಿಯ ಸರಪಳಿ ಮುರಿದಿದೆ ಎಂದು ತಿಳಿಯಬೇಕು. ಅನಂತರ ಮೂರನೆಯದರಲ್ಲಿ ಕಾಣುವ ಡಿಎಸ್ ದಾಖಲೆಗೆ ನಾಲ್ಕನೆಯದರ ಯಾವ ಕೀಲಿಯಾದರೂ ಹೊಂದುತ್ತದೆಯೇ ಎಂದು ನೋಡುವುದು. ಡಿಎಸ್ ಕಾಣಿಸಿ ಕೀಲಿಯೇ ಕಾಣದಿದ್ದರೆ ಮೇಲೆ ಹೇಳಿದ ಉಳಿದುಹೋದ ಡಿಎಸ್ ಎಂದೇ ಊಹಿಸಬಹುದು.

ಇಂತಹ ಪ್ರಸಂಗಗಳಿಗಾಗಿ ರಿಸಾಲ್ವರು ನಡೆಸುವವರು ನಿರ್ದಿಷ್ಟ ಡೊಮೈನೊಂದರ ಪರೀಕ್ಷೆಯನ್ನು ತಾತ್ಕಾಲಿಕವಾಗಿ ಬಿಟ್ಟುಕೊಡುವ ಕ್ರಮವನ್ನು 2015ರಲ್ಲಿ ಬರೆದಿಟ್ಟರು. ಕೆಳಗಿನ ವಲಯವು ತಾನೇ ಸೂಚನೆ ಪ್ರಕಟಿಸಿ, ಮೇಲಿನ ವಲಯ ಅದನ್ನು ಓದಿ ಡಿಎಸ್ ತಿದ್ದಿಕೊಳ್ಳುವ ಏರ್ಪಾಡು 2014 ಮತ್ತು 2017ರ ನಿಯಮಗಳಲ್ಲಿದೆ; ಆದರೆ ಎಲ್ಲ ರಿಜಿಸ್ಟ್ರಿಗಳೂ ಅದನ್ನು ಅಂಗೀಕರಿಸಿಲ್ಲ. ಹಾಗೆ ಅಂಗೀಕರಿಸದ ಕಡೆಗಳಲ್ಲಿ, ಒಡೆಯನು ಕೈಯಿಂದ ಬರೆದುಕೊಟ್ಟ ಒಂದು ಸಾಲು ಅವನ ಡೊಮೈನಿನ ಅಸ್ತಿತ್ವವನ್ನು ನಿರ್ಣಯಿಸುತ್ತಲೇ ಇದೆ. 2003ರಲ್ಲಿ ಮೇಲಿನ ವಲಯದ ಭಾರವನ್ನು ಇಳಿಸಿದ ಆ ಸಾಲು, ಕೆಳಗಿನವನ ಮೇಲೆ ಹೊರಿಸಿದ ಭಾರ ಇದು.