ತೊಲ, ಸವರನ್, ಪವನ್



ತುಮಕೂರು ರಸ್ತೆಯ ಮಾಕಳಿಯಲ್ಲಿ ಒಂದು ಹಳೆಯ ಮನೆಯನ್ನು ಕಲ್ಪಿಸಿಕೊಳ್ಳೋಣ. ಪೆಟ್ಟಿಗೆಯ ತಳದಲ್ಲಿ 1940ರ ಸುಮಾರಿನ ಒಂದು ಪಟ್ಟಿ ದೊರೆತಿದೆ: ಅಡ್ಡಿಕೆ, ಆರು ತೊಲ ಇಪ್ಪತ್ತನಾಲ್ಕು ಗುಲಗಂಜಿ, ಕಾಸಿನ ಸರ, ಹನ್ನೆರಡು ಸವರನ್. ಒಡವೆಗಳು ಎಂದೋ ಕರಗಿಹೋಗಿವೆ. ಈಗ ಅಕ್ಕತಂಗಿಯರಿಬ್ಬರು ಈ ಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು ತಮ್ಮ ಪಾಲನ್ನು ಗ್ರಾಂಗಳಲ್ಲಿ ಕೇಳುತ್ತಿದ್ದಾರೆ.

ಮೊದಲು ತೊಲವನ್ನು ನೋಡೋಣ. 1833ರಲ್ಲಿ ಕಂಪನಿ ಸರ್ಕಾರವು ತೊಲವನ್ನು 180 ಗ್ರೇನ್ ಎಂದು ನಿಶ್ಚಯಿಸಿತು. ಬೆಳ್ಳಿಯ ರೂಪಾಯಿಯ ತೂಕವೂ ಅದೇ. ಆದುದರಿಂದಲೇ ಅಕ್ಕಸಾಲಿಗರು ತಕ್ಕಡಿಯ ಒಂದು ತಟ್ಟೆಯಲ್ಲಿ ರೂಪಾಯಿಯನ್ನಿಟ್ಟು ಚಿನ್ನವನ್ನು ತೂಗುತ್ತಿದ್ದರು. ಸವೆದ ರೂಪಾಯಿ ಹಗುರ. ಅದರಿಂದ ತೂಗಿಸಿಕೊಂಡು ಕೊಂಡವನಿಗೆ ನಷ್ಟ. ಗ್ರಾಂ ಲೆಕ್ಕದಲ್ಲಿ ತೊಲವೊಂದಕ್ಕೆ 11.6638. ತೊಲಕ್ಕೆ ತೊಂಬತ್ತಾರು ಗುಲಗಂಜಿಯಾದುದರಿಂದ ಇಪ್ಪತ್ತನಾಲ್ಕು ಗುಲಗಂಜಿ ಕಾಲು ತೊಲವಾಗುತ್ತದೆ. ಆರೂಕಾಲು ತೊಲವನ್ನು 11.6638ರಿಂದ ಗುಣಿಸಿದರೆ 72.9 ಗ್ರಾಂ ಬರುತ್ತದೆ. ತೊಲವೆಂದರೆ ಹತ್ತು ಗ್ರಾಂ ಎಂದು ಈಚಿನ ಕೆಲವು ಅಂಗಡಿಗಳಲ್ಲಿ ಬಳಕೆಗೆ ಬಂದಿರುವ ಲೆಕ್ಕವನ್ನು ಹಿಡಿದರೆ 62.5 ಗ್ರಾಂ ಮಾತ್ರ. ಹತ್ತು ಗ್ರಾಂಗೂ ಮಿಕ್ಕಿ ಚಿನ್ನ ಕಾಗದದ ಮೇಲೆಯೇ ಮಾಯವಾಗುವುದು! ಪಟ್ಟಿಯು ಮೆಟ್ರಿಕ್ ತೂಕಗಳನ್ನು ತಂದ 1956ರ ಶಾಸನಕ್ಕೆ ಹಿಂದಿನದಾದರೆ, ಹತ್ತು ಗ್ರಾಂನ ತೊಲವನ್ನು ಅದಕ್ಕೆ ಅನ್ವಯಿಸುವುದು ಸರಿಯಲ್ಲ.

ಸವರನ್ನಿನ ಸಂಗತಿ ಬೇರೆ. ಅದು ಮೂಲತಃ ತೂಕದ ಹೆಸರಲ್ಲ, ನಾಣ್ಯದ ಹೆಸರು. 1817ರಿಂದ ಆಂಗ್ಲರು ಟಂಕಿಸಿದ ಈ ನಾಣ್ಯ ನಮ್ಮ ಮುಂಬಯಿಯ ಟಂಕಸಾಲೆಯಲ್ಲಿಯೂ 1918ರಲ್ಲಿ ಅಚ್ಚಾಯಿತು. ಅದರ ತೂಕ 7.988 ಗ್ರಾಂ, ಇಪ್ಪತ್ತೆರಡು ಕ್ಯಾರಟ್ಟಿನದಾದ್ದರಿಂದ ಅದರಲ್ಲಿರುವ ಅಪ್ಪಟ ಚಿನ್ನ 7.322 ಗ್ರಾಂ. ಹನ್ನೆರಡು ನಾಣ್ಯಗಳು 95.86 ಗ್ರಾಂ ತೂಗಬೇಕು. ಅದರಲ್ಲಿ ಅಪ್ಪಟ ಚಿನ್ನ 87.87 ಗ್ರಾಂ.

ಕರಾವಳಿಯ ಕಡೆ ಇಂದು ಕೇಳಿಬರುವ ಪವನ್ ಈ ನಾಣ್ಯದ ತೂಕವನ್ನೇ ಎಂಟು ಗ್ರಾಂಗೆ ದುಂಡಾಗಿಸಿದ್ದು. ಹನ್ನೆರಡು ಪವನ್ನಿಗೆ 96 ಗ್ರಾಂ. ವ್ಯತ್ಯಾಸ ಗುಲಗಂಜಿಯೊಂದಕ್ಕಿಂತ ಚೂರು ಹೆಚ್ಚು, ಅದಕ್ಕಾಗಿ ಯಾರೂ ಜಗಳವಾಡಬೇಕಾಗಿಲ್ಲ. ಜಗಳಕ್ಕೆ ಎಡೆಯಿರುವುದು ಚಿನ್ನದ ಗುಣದಲ್ಲಿ. ನಾಣ್ಯವೆಂದರೆ ಇಪ್ಪತ್ತೆರಡು ಕ್ಯಾರಟ್ ಎಂಬುದು ಖಚಿತ. ಬರಿಯ ಪವನ್ ತೂಕವು ಚಿನ್ನದ ಗುಣವನ್ನು ಹೇಳದು.

ಸರದ ನಾಣ್ಯಗಳೇ ಉಳಿದಿದ್ದರೆ ಕೊಂಡಿಯನ್ನು ಬಿಡಿಸಿ ಒಂದೊಂದನ್ನೂ ಬೇರೆ ತೂಗಬೇಕು. ಬೆಸುಗೆ ಹಾಕಿದ ಕೊಂಡಿ ತೂಕವನ್ನು ಹೆಚ್ಚಿಸುತ್ತದೆ, ಸವೆತ ತಗ್ಗಿಸುತ್ತದೆ. ಎರಡೂ ಸೇರಿ ಸರಿಯಾದ ತೂಕದಂತೆಯೇ ತೋರಬಹುದು. ಚಲಾವಣೆಯ ಕಾಲದಲ್ಲಿ 7.938 ಗ್ರಾಂಗಿಂತ ಕಡಮೆಯಾದ ಸವರನ್ನನ್ನು ಆಂಗ್ಲ ಕಾನೂನು ಸವೆದುದೆಂದು ಎಣಿಸುತ್ತಿತ್ತು. ಆದರೆ ನಮ್ಮ ಅಕ್ಕತಂಗಿಯರ ಕೈಯಲ್ಲಿ ನಾಣ್ಯಗಳಿಲ್ಲ, ಪಟ್ಟಿ ಮಾತ್ರ ಉಂಟು. ಅವರು ಅಡ್ಡಿಕೆಗೆ 72.9, ಸರಕ್ಕೆ 95.86 ಎಂದು ಬರೆದುಕೊಂಡು, ಅಡ್ಡಿಕೆಯ ಚಿನ್ನ ಎಷ್ಟು ಕ್ಯಾರಟ್ಟಿನದೆಂಬ ಪ್ರಶ್ನೆಯನ್ನು ಬೇರೆಯಾಗಿಯೇ ಇತ್ಯರ್ಥಮಾಡಿಕೊಳ್ಳಬೇಕು.