ವರದಿಯಲ್ಲಿರುವ ಇ.ಎಸ್.ಆರ್., ಟಿ.ಎಸ್.ಎಚ್. ಎಂದರೇನು?

ದಾಂಡೇಲಿ, ಹಳಿಯಾಳ, ಜೋಯ್ಡಾ ಹಾಗೂ ಮುಂಡಗೋಡ ಭಾಗದ ರೋಗಿಗಳು ತಜ್ಞ ವೈದ್ಯರನ್ನು ಕಾಣಲು ಹುಬ್ಬಳ್ಳಿಗೋ ಬೆಳಗಾವಿಗೋ ಹೋಗಬೇಕಾದಾಗ, ರಕ್ತ ಪರೀಕ್ಷೆಯ ವರದಿ ವೈದ್ಯರ ಭೇಟಿಗಿಂತ ಮೊದಲೇ ಕೈಸೇರುವುದುಂಟು. ಇ.ಎಸ್.ಆರ್. ಅಥವಾ ಟಿ.ಎಸ್.ಎಚ್. ಮುಂದೆ ನಕ್ಷತ್ರದ ಗುರುತು ಕಂಡರೆ ಎದೆ ಧಸಕ್ಕೆನ್ನುತ್ತದೆ. ಆ ಗುರುತು ಹೇಳುವುದು ಒಂದನ್ನೇ: ಸಂಖ್ಯೆಯು ಪ್ರಯೋಗಾಲಯ ಮುದ್ರಿಸಿರುವ ಮಿತಿಯ ಹೊರಗಿದೆ. ಕಾಯಿಲೆ ಯಾವುದೆಂದು ಅದು ಹೇಳುವುದಿಲ್ಲ.

ಇ.ಎಸ್.ಆರ್.: ಕಣಗಳು ಇಳಿಯುವ ವೇಗ

ಎರಿಥ್ರೊಸೈಟ್ ಸೆಡಿಮೆಂಟೇಷನ್ ರೇಟ್ ಎಂಬುದರ ಸಂಕ್ಷಿಪ್ತ ರೂಪವೇ ಇ.ಎಸ್.ಆರ್. ಹೆಪ್ಪುಗಟ್ಟದಂತೆ ಮಾಡಿದ ರಕ್ತವನ್ನು ಸಣ್ಣ ಗಾಜಿನ ನಳಿಕೆಯಲ್ಲಿ ನೆಟ್ಟಗೆ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪು ಕಣಗಳು ಎಷ್ಟು ಮಿ.ಮೀ. ಕೆಳಗಿಳಿದಿವೆ ಎಂದು ಅಳೆಯುತ್ತಾರೆ. ಸ್ವೀಡನ್ನಿನ ವೈದ್ಯ ಆಲ್ಫ್ ವೆಸ್ಟರ್‌ಗ್ರೆನ್ 1921ರಲ್ಲಿ ವಿವರಿಸಿದ ಈ ವಿಧಾನವೇ ಇಂದಿಗೂ ಅಳತೆಗೋಲು.

ದೇಹದಲ್ಲಿ ಉರಿಯೂತ ಅಥವಾ ಸೋಂಕು ಇದ್ದಾಗ ರಕ್ತದಲ್ಲಿ ಫೈಬ್ರಿನೋಜೆನ್ ಎಂಬ ಪ್ರೋಟೀನ್ ಹೆಚ್ಚುತ್ತದೆ. ಆಗ ಕಣಗಳು ನಾಣ್ಯಗಳಂತೆ ಒಂದರ ಮೇಲೊಂದು ಅಂಟಿಕೊಂಡು ಬೇಗ ತಳ ಸೇರುತ್ತವೆ. ಆದರೆ ಕ್ಷಯವಿರಲಿ, ಸಂಧಿವಾತವಿರಲಿ, ಹಲ್ಲಿನ ಬಾವಿರಲಿ, ಎಲ್ಲಕ್ಕೂ ಏರುವುದು ಇದೊಂದೇ ಸಂಖ್ಯೆ. ಸೋಂಕಿಲ್ಲದಿದ್ದರೂ ರಕ್ತಹೀನತೆ, ಗರ್ಭಾವಸ್ಥೆ ಮತ್ತು ವಯಸ್ಸು ಇದನ್ನು ಏರಿಸುತ್ತವೆ. ಸ್ಥೂಲವಾಗಿ ಪುರುಷರಿಗೆ ವಯಸ್ಸಿನ ಅರ್ಧ, ಮಹಿಳೆಯರಿಗೆ ವಯಸ್ಸಿಗೆ 10 ಕೂಡಿಸಿ ಅದರ ಅರ್ಧ ಮೇಲ್ಮಿತಿ ಎಂದು ಲೆಕ್ಕ ಹಾಕುವ ರೂಢಿಯಿದೆ.

ದೂರವೂ ಲೆಕ್ಕಕ್ಕೆ ಬರುತ್ತದೆ. ರಕ್ತ ಕೊಟ್ಟದ್ದು ಜೋಯ್ಡಾದಲ್ಲಿ, ಪರೀಕ್ಷೆ ಹುಬ್ಬಳ್ಳಿಯಲ್ಲಿ ಎಂದಾದರೆ, ಮಾದರಿಯನ್ನು ತಣ್ಣಗಿಡದೆ 4 ಗಂಟೆ ಮೀರಿದರೆ ಇ.ಎಸ್.ಆರ್. ಇರುವುದಕ್ಕಿಂತ ಕಡಿಮೆ ತೋರಬಹುದು. ವರದಿಯಲ್ಲಿ ರಕ್ತ ತೆಗೆದ ವೇಳೆ ಮತ್ತು ಮಾದರಿ ತಲುಪಿದ ವೇಳೆ ಎರಡೂ ಇದ್ದರೆ ಹೋಲಿಸಿ ನೋಡಿ.

ಟಿ.ಎಸ್.ಎಚ್.: ತಲೆಕೆಳಗಾದ ಲೆಕ್ಕ

ಥೈರಾಯ್ಡ್ ಸ್ಟಿಮ್ಯುಲೇಟಿಂಗ್ ಹಾರ್ಮೋನ್ ಎಂಬ ಇದು ಥೈರಾಯ್ಡ್ ಗ್ರಂಥಿಯ ಸ್ರಾವವಲ್ಲ. ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯು ಥೈರಾಯ್ಡ್‌ಗೆ ಕಳುಹಿಸುವ ಆಜ್ಞೆ. ಥೈರಾಯ್ಡ್ ಮಂದವಾದರೆ ಆಜ್ಞೆ ಜೋರಾಗುತ್ತದೆ. ಅತಿಯಾದರೆ ಆಜ್ಞೆ ನಿಲ್ಲುತ್ತದೆ. ಆದ್ದರಿಂದ ಟಿ.ಎಸ್.ಎಚ್. ಏರಿದ್ದರೆ ಸಾಮಾನ್ಯವಾಗಿ ಥೈರಾಯ್ಡ್ ಮಂದವಾಗಿದೆ ಎಂದೂ, ಇಳಿದಿದ್ದರೆ ಚುರುಕಾಗಿದೆ ಎಂದೂ ಅರ್ಥ. ಅನೇಕರು ಇದನ್ನು ತಿರುಗಾಮುರುಗಾ ಓದಿ ಗಾಬರಿಗೊಳ್ಳುತ್ತಾರೆ.

ಹೆಚ್ಚಿನ ಪ್ರಯೋಗಾಲಯಗಳು ವಯಸ್ಕರಿಗೆ ಸುಮಾರು 0.4ರಿಂದ 4.5ರವರೆಗಿನ ಮಿತಿ ಕೊಡುತ್ತವೆ. ಗರ್ಭಿಣಿಯರ ಮಿತಿ ಬೇರೆ. ಥೈರಾಯ್ಡ್ ಸ್ರಾವ ಸ್ವಲ್ಪ ಬದಲಾದರೂ ಟಿ.ಎಸ್.ಎಚ್. ಹಲವು ಪಟ್ಟು ಬದಲಾಗುತ್ತದೆ. ಮೈ ಹುಷಾರಿಲ್ಲದಾಗ ತೆಗೆದ ರಕ್ತದಲ್ಲಿ ತಾತ್ಕಾಲಿಕವಾಗಿ ಏರುಪೇರಾಗಿ ತಾನೇ ಸರಿಹೋಗುವುದೂ ಉಂಟು. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುವವರಲ್ಲಿ ಕೆಲವು ಯಂತ್ರಗಳು ಟಿ.ಎಸ್.ಎಚ್. ಅನ್ನು ಸುಳ್ಳಾಗಿ ಕಡಿಮೆ ತೋರಿಸುತ್ತವೆ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಅದನ್ನು ನಿಲ್ಲಿಸಬೇಕು.

ಒಂದು ಉದಾಹರಣೆ

ಹಳಿಯಾಳದ 54 ವರ್ಷದ ಗೃಹಿಣಿಯೊಬ್ಬರ ವರದಿಯಲ್ಲಿ ಇ.ಎಸ್.ಆರ್. 38, ಟಿ.ಎಸ್.ಎಚ್. 6.8, ಹಿಮೋಗ್ಲೋಬಿನ್ 9.6 ಇದೆಯೆಂದುಕೊಳ್ಳೋಣ. ಮುದ್ರಿತ ಮಿತಿ 20 ಆದ್ದರಿಂದ ಇ.ಎಸ್.ಆರ್.ಗೆ ನಕ್ಷತ್ರ ಬಿದ್ದಿದೆ. ವಯಸ್ಸಿನ ಲೆಕ್ಕದಲ್ಲಿ ಮಿತಿ 32. ಏರಿರುವುದು ಆರು ಮಾತ್ರ. ಮಹಿಳೆಯರಿಗೆ ಹಿಮೋಗ್ಲೋಬಿನ್ 12 ಇರಬೇಕಾದಲ್ಲಿ 9.6 ಇರುವುದೇ ಇದಕ್ಕೆ ಕಾರಣವಾಗಿರಬಹುದು. ಹಾಗಾಗಿ ಮೊದಲು ಹುಡುಕಬೇಕಾದದ್ದು ರಕ್ತಹೀನತೆಯ ಮೂಲವನ್ನು.

ಟಿ.ಎಸ್.ಎಚ್. 6.8 ಇದ್ದು, ಫ್ರೀ ಟಿ-4 ಮಿತಿಯೊಳಗಿದ್ದರೆ ಅದು ಥೈರಾಯ್ಡ್‌ನ ಸೌಮ್ಯ ಮಂದಗತಿ. ಇಂಥ ಸಂದರ್ಭದಲ್ಲಿ ವೈದ್ಯರು ಸಾಮಾನ್ಯವಾಗಿ ಎರಡು-ಮೂರು ತಿಂಗಳ ಬಳಿಕ ಮತ್ತೆ ಪರೀಕ್ಷಿಸಿ ನೋಡುತ್ತಾರೆ. 10 ಮೀರಿದರೆ ಚಿಕಿತ್ಸೆಯತ್ತ ಒಲವು ಹೆಚ್ಚು. ನೆರೆಮನೆಯವರ ಥೈರಾಯ್ಡ್ ಮಾತ್ರೆಯನ್ನು ತಾನೇ ಶುರು ಮಾಡುವುದು ಸಲ್ಲದು. ಪ್ರಮಾಣ ಹೆಚ್ಚಾದರೆ ಎದೆಬಡಿತ ಏರುಪೇರಾಗಬಹುದು.

ಕಾಯಬಾರದ ಸಂದರ್ಭಗಳು

ಇ.ಎಸ್.ಆರ್. 100ರ ಆಸುಪಾಸು ಇದ್ದರೆ, ತೂಕ ಇಳಿಯುತ್ತಿದ್ದರೆ ಅಥವಾ ಸಂಜೆ ಜ್ವರ ಬರುತ್ತಿದ್ದರೆ ಬೇಗ ವೈದ್ಯರನ್ನು ಕಾಣಬೇಕು. ಎರಡು ವಾರ ಮೀರಿದ ಕೆಮ್ಮಿಗೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತ ಕಫ ಪರೀಕ್ಷೆಯಿದೆ. 50 ದಾಟಿದವರಿಗೆ ಇ.ಎಸ್.ಆರ್. ಏರಿಕೆಯೊಂದಿಗೆ ಹೊಸ ತಲೆನೋವು, ಅಗಿಯುವಾಗ ದವಡೆ ನೋವು ಅಥವಾ ದೃಷ್ಟಿ ಮಂಜಾದರೆ ಅದೇ ದಿನ ಹೊರಡಬೇಕು. ತಡವಾದರೆ ದೃಷ್ಟಿಯೇ ಹೋಗಬಹುದು. ಗರ್ಭಿಣಿಯರ ಟಿ.ಎಸ್.ಎಚ್. ಮಿತಿ ಮೀರಿದ್ದರೂ ತಡಮಾಡಬಾರದು.

ವೈದ್ಯರ ಬಳಿ ಹೋಗುವಾಗ ಹಳೆಯ ವರದಿಗಳನ್ನೂ ಸೇವಿಸುತ್ತಿರುವ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ. ಒಂದೇ ಸಂಖ್ಯೆಗಿಂತ, ಆರು ತಿಂಗಳ ಹಿಂದಿನ ಸಂಖ್ಯೆಯ ಪಕ್ಕದಲ್ಲಿಟ್ಟ ಇಂದಿನ ಸಂಖ್ಯೆ ವೈದ್ಯರಿಗೆ ಹೆಚ್ಚು ತಿಳಿಸುತ್ತದೆ.