ಕೆಲಸಗಾರನ ಬಳಿಗೇ ಬಂದ ಕಾರು

1886ರಲ್ಲಿ ಜರ್ಮನಿಯ ಕಾರ್ಲ್ ಬೆಂಜ್ ಪೆಟ್ರೋಲ್ ಎಂಜಿನ್ನಿನ ಮೂರು ಚಕ್ರದ ಗಾಡಿಗೆ ಪೇಟೆಂಟ್ ಪಡೆದರು. ಆದರೂ ಮುಂದಿನ ಇಪ್ಪತ್ತು ವರ್ಷ ಕಾರು ಸಿರಿವಂತರ ಸೊತ್ತಾಗಿಯೇ ಉಳಿಯಿತು. ಆಗಿನ ಬಿಡಿಭಾಗಗಳು ಒಂದರಂತೆ ಒಂದು ಇರುತ್ತಿರಲಿಲ್ಲ. ನುರಿತ ಕೆಲಸಗಾರರು ಪ್ರತಿ ಭಾಗವನ್ನೂ ಅರದಿಂದ ಉಜ್ಜಿ, ಸರಿಹೊಂದಿಸಿ ಕೂಡಿಸಬೇಕಿತ್ತು. ಕಾರಿನ ಬೆಲೆಯನ್ನು ಏರಿಸುತ್ತಿದ್ದುದು ಈ ಕೈಗೆಲಸವೇ.

ಆದ್ದರಿಂದ ಮೊದಲು ಆಗಬೇಕಾದ ಬದಲಾವಣೆ ಬಿಡಿಭಾಗಗಳಲ್ಲಿತ್ತು. ನಿಖರವಾದ ಯಂತ್ರಗಳು ಒಂದೇ ಅಳತೆಯ ಭಾಗಗಳನ್ನು ಕತ್ತರಿಸಿ ಕೊಟ್ಟರೆ ಉಜ್ಜುವ ಕೆಲಸವೇ ಇರುವುದಿಲ್ಲ. 1908ರಲ್ಲಿ ಅಮೆರಿಕದ ಹೆನ್ರಿ ಫೋರ್ಡ್ ಮಾರುಕಟ್ಟೆಗೆ ತಂದ ‘ಮಾಡೆಲ್ ಟಿ’ ಕಾರು ಈ ಕ್ರಮವನ್ನೇ ನೆಚ್ಚಿಕೊಂಡಿತ್ತು. ಆದರೂ ಅದರ ಬೆಲೆ ಸುಮಾರು 850 ಡಾಲರ್. ಬೇಡಿಕೆಯಿತ್ತು, ಕಾರು ತಯಾರಾಗಲು ಹಿಡಿಯುವ ಹೊತ್ತು ಮಾತ್ರ ಇನ್ನೂ ಕಡಿಮೆಯಾಗಿರಲಿಲ್ಲ.

ಉತ್ತರ ಸಿಕ್ಕಿದ್ದು 1913ರಲ್ಲಿ, ಡೆಟ್ರಾಯಿಟ್ ಬಳಿಯ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ. ಎಂಜಿನ್ನಿಗೆ ಕಿಡಿ ಒದಗಿಸುವ ಮ್ಯಾಗ್ನೆಟೋವನ್ನು ಒಬ್ಬನೇ ಕೆಲಸಗಾರ ಪೂರ್ತಿಯಾಗಿ ಜೋಡಿಸಲು ಸುಮಾರು 20 ನಿಮಿಷ ಬೇಕಿತ್ತು. ಆ ಕೆಲಸವನ್ನು 29 ಸಣ್ಣ ಹಂತಗಳಾಗಿ ಒಡೆದು ಸಾಲಾಗಿ ನಿಂತವರಿಗೆ ಹಂಚಿದಾಗ, ಒಂದು ಮ್ಯಾಗ್ನೆಟೋಗೆ ತಗಲುವ ದುಡಿಮೆ ಸುಮಾರು 13 ನಿಮಿಷಕ್ಕೆ ಇಳಿಯಿತು. ಬಗ್ಗಿ ಬಗ್ಗಿ ದುಡಿಯುವುದರಿಂದ ಹೊತ್ತು ಹಾಳಾಗುತ್ತಿದೆ ಎಂದು ಕಂಡುಕೊಂಡು ಸಾಲಿನ ಎತ್ತರವನ್ನು ಎಂಟು ಅಂಗುಲ ಹೆಚ್ಚಿಸಿದರು. ಈಗ 7 ನಿಮಿಷ ಸಾಕಾಯಿತು.

ಅದೇ ವರ್ಷ ಕಾರಿನ ಚಾಸಿಗೂ ಈ ಉಪಾಯವನ್ನು ಅನ್ವಯಿಸಿದರು. ಮೊದಲು ಚಾಸಿ ಒಂದೆಡೆ ನಿಂತಿರುತ್ತಿತ್ತು. ಕೆಲಸಗಾರರು ಅದರ ಸುತ್ತ ಓಡಾಡುತ್ತಿದ್ದರು. ಆಗ ಒಂದರ ಜೋಡಣೆಗೆ ಹನ್ನೆರಡೂವರೆ ಗಂಟೆಗಳಷ್ಟು ದುಡಿಮೆ ಬೇಕಾಗುತ್ತಿತ್ತು. ಚಾಸಿಯನ್ನು ಹಗ್ಗ ಕಟ್ಟಿ ಎಳೆಯುತ್ತ, ದಾರಿಯುದ್ದಕ್ಕೂ ಬಿಡಿಭಾಗಗಳನ್ನು ಇರಿಸಿದಾಗ ಅದು ಆರು ಗಂಟೆಗಳಿಗಿಂತ ಕಡಿಮೆಯಾಯಿತು. 1914ರಲ್ಲಿ ಸರಪಳಿಯಿಂದ ಎಳೆಯುವ ಸಾಲು ಬಂದ ಮೇಲೆ ಒಂದೂವರೆ ಗಂಟೆಯ ಆಸುಪಾಸಿಗೆ ಬಂತು. ಕೆಲಸಗಾರ ಕಾರನ್ನು ಹುಡುಕಿಕೊಂಡು ಹೋಗುವುದು ನಿಂತು, ಕಾರೇ ಅವನ ಮುಂದೆ ಬಂದು ನಿಲ್ಲತೊಡಗಿತು.

ಈ ಏರ್ಪಾಡಿಗೆ ತೊಡಕುಗಳೂ ಇದ್ದವು. ಸಾಲಿನಲ್ಲಿ ಒಬ್ಬ ತಡಮಾಡಿದರೆ ಹಿಂದಿನವರೆಲ್ಲ ಕಾಯಬೇಕು; ಆದ್ದರಿಂದ ಪ್ರತಿ ಹಂತಕ್ಕೂ ಹೆಚ್ಚುಕಡಿಮೆ ಒಂದೇ ಹೊತ್ತು ಹಿಡಿಯುವಂತೆ ಕೆಲಸ ಹಂಚಬೇಕಿತ್ತು. ದಿನವಿಡೀ ಒಂದೇ ತಿರುಪು ಬಿಗಿಯುವುದು ಬೇಸರ ತರಿಸಿ ಜನ ಗುಂಪುಗುಂಪಾಗಿ ಕೆಲಸ ಬಿಟ್ಟರು. ಅವರನ್ನು ಉಳಿಸಿಕೊಳ್ಳಲು ಫೋರ್ಡ್ 1914ರಲ್ಲಿ ಎಂಟು ಗಂಟೆಯ ದಿನಕ್ಕೆ ಐದು ಡಾಲರ್‌ವರೆಗೆ, ಅಂದರೆ ಹಿಂದಿನದರ ಸುಮಾರು ಎರಡರಷ್ಟು, ಕೂಲಿ ಕೊಡುವುದಾಗಿ ಸಾರಿದರು.

1920ರ ದಶಕದ ಮಧ್ಯಕ್ಕೆ ಮಾಡೆಲ್ ಟಿಯ ಅತಿ ಅಗ್ಗದ ಮಾದರಿ 260 ಡಾಲರ್‌ಗೆ ಸಿಗುತ್ತಿತ್ತು. 1927ರಲ್ಲಿ ಅದರ ತಯಾರಿಕೆ ನಿಂತಾಗ ಒಟ್ಟು ಒಂದೂವರೆ ಕೋಟಿ ಕಾರುಗಳು ಹೊರಬಂದಿದ್ದವು. ಕಾರನ್ನು ಸಾಮಾನ್ಯರ ಕೈಗೆ ಎಟುಕಿಸಿದ್ದು ಹೊಸ ಎಂಜಿನ್ನಲ್ಲ, ಕೆಲಸದ ಹೊಸ ಕ್ರಮ.